ಮಾಡೆಲ್‌ಗೆ ಮೀನಖಂಡದವರೆಗೆ, ನಿಮಗೆ ಎಲ್ಲಿಯವರೆಗೆ?

ಆನ್‌ಲೈನ್‌ನಲ್ಲಿ ಕುರ್ತಾ ಆರಿಸುವಾಗ ವಿವರಗಳ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: The model (height 5'8") is wearing a size S. ಬಣ್ಣ, ಬೆಲೆ ನೋಡುವ ಭರದಲ್ಲಿ ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಕುರ್ತಾ ನಿಮ್ಮ ಮೈಮೇಲೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಲು ಬೇಕಾಗುವುದು ಅದೇ ಸಾಲು.

ಕುರ್ತಾದ ಉದ್ದ 46 ಇಂಚು ಎಂದಿಟ್ಟುಕೊಳ್ಳಿ. ಇದನ್ನು ಅಳೆಯುವುದು ಕತ್ತಿನ ಪಕ್ಕದ ಹೆಗಲಿನಿಂದ ಕೆಳಗಿನ ಅಂಚಿನವರೆಗೆ. ನೆಲದಿಂದ ಆ ಹೆಗಲಿಗೆ ಇರುವ ಅಂತರ, ಸ್ಥೂಲವಾಗಿ, ನಮ್ಮ ಎತ್ತರದ ಆರು ಪಾಲಿನಲ್ಲಿ ಐದು ಪಾಲು. ಮಾಡೆಲ್‌ನ ಎತ್ತರ 68 ಇಂಚು. ಹೆಗಲಿನ ಎತ್ತರ ಸುಮಾರು 57. ಅದರಲ್ಲಿ 46 ಕಳೆದರೆ ಅಂಚು ನೆಲದಿಂದ 11 ಇಂಚು ಮೇಲಿದೆ, ಅಂದರೆ ಮೀನಖಂಡದ ಮಧ್ಯಕ್ಕೆ. ನೀವು ಐದು ಅಡಿ ಎರಡು ಇಂಚಿನವರಾದರೆ ಹೆಗಲಿನ ಎತ್ತರ ಸುಮಾರು 52. ಅದೇ ಕುರ್ತಾ ನೆಲದಿಂದ 6 ಇಂಚಿಗೆ ಇಳಿದು, ಹೆಚ್ಚುಕಡಿಮೆ ಕಣಕಾಲನ್ನು ಮುಟ್ಟುತ್ತದೆ.

ನಿಮ್ಮದು L ಸೈಜ್ ಆದರೂ ಈ ಲೆಕ್ಕ ಅಷ್ಟಾಗಿ ಬದಲಾಗದು. ಸೈಜ್ ಏರಿದಂತೆ ಸುತ್ತಳತೆ ಹೆಚ್ಚುತ್ತದೆ. ಉದ್ದ ಹೆಚ್ಚಿದರೂ ಸಾಮಾನ್ಯವಾಗಿ ಅಲ್ಪಸ್ವಲ್ಪ. ಹಾಗಾಗಿ ಎತ್ತರದ ಸಂಖ್ಯೆಯಿಂದ ಉದ್ದವನ್ನು ಊಹಿಸಬಹುದು, ಅಗಲವನ್ನು ಊಹಿಸಲಾಗದು.

ಅಗಲ ತಿಳಿಯಲು ಮಾಡೆಲ್‌ನ ಎದೆ ಸುತ್ತಳತೆಯೂ ಬೇಕು. ಅದು 33 ಎಂದು ಕೊಟ್ಟಿದ್ದು, ಅಳತೆ ಪಟ್ಟಿಯಲ್ಲಿ S ಕುರ್ತಾದ ಎದೆ 36 ಇದ್ದರೆ, ಚಿತ್ರದಲ್ಲಿ ಕಾಣುವ ಸಡಿಲ 3 ಇಂಚು. ನಿಮ್ಮ ಎದೆ 38 ಆಗಿದ್ದರೆ ಅದೇ ಸಡಿಲಕ್ಕೆ 41 ಇಂಚಿನ ಕುರ್ತಾ ಹುಡುಕಬೇಕು. ಪಟ್ಟಿಯ ಅಂಕಿ ಬಟ್ಟೆಯದೋ ಮೈಯದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮೈ ಅಳತೆಯಾದರೆ ಸಡಿಲ ಅದರಲ್ಲಿ ಸೇರಿರುವುದಿಲ್ಲ. ಮಾಡೆಲ್‌ನ ಎದೆ ಅಳತೆ ಕೊಡದಿದ್ದರೆ ಚಿತ್ರದ ಸಡಿಲವನ್ನು ನಂಬಬೇಡಿ. ಫೋಟೊಗಾಗಿ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಟ್ಟೆಯನ್ನು ಬಿಗಿ ಮಾಡುವುದುಂಟು. ಮುಂದಿನಿಂದ ಮೈಗೆ ಅಂಟಿದಂತಿದ್ದು, ಹಿಂಬದಿಯ ಚಿತ್ರವೇ ಇಲ್ಲದಿದ್ದರೆ ಅನುಮಾನಿಸಿ. ಆಗ ನಿಮಗೆ ಚೆನ್ನಾಗಿ ಕೂರುವ ಹಳೆಯ ಕುರ್ತಾವನ್ನು ಮಂಚದ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ, ಪಟ್ಟಿಯಲ್ಲಿರುವ ಬಟ್ಟೆಯ ಅಳತೆಗೆ ಹೋಲಿಸಿ.

ಉದ್ದ ಹೆಚ್ಚಾದರೆ ಕೊಳ್ಳಬಾರದೆಂದೇನಿಲ್ಲ. ನೇರ ಕುರ್ತಾ ಆದರೆ ಟೈಲರ್ ಅಂಚು ಮಡಚಿ ಹೊಲಿದುಕೊಡುತ್ತಾರೆ. ಸೊಂಟದಲ್ಲಿ ಜೋಡಣೆಯ ಹೊಲಿಗೆ ಇರುವ ಅನಾರ್ಕಲಿಯಲ್ಲಿ ಇದು ಸಾಲದು. ಎತ್ತರದಲ್ಲಿ ಆರು ಇಂಚು ವ್ಯತ್ಯಾಸವಿದ್ದರೆ ಮಾಡೆಲ್‌ನ ಸೊಂಟಕ್ಕೆ ಸರಿಯಾಗಿ ಕೂತ ಹೊಲಿಗೆ ನಿಮಗೆ ಸುಮಾರು ಒಂದೂವರೆ ಇಂಚು ಕೆಳಗೆ ಬರುತ್ತದೆ. ಅದನ್ನು ಮೇಲಕ್ಕೆತ್ತಲು ಇಡೀ ಘೇರನ್ನೇ ಬಿಚ್ಚಿ ಮತ್ತೆ ಜೋಡಿಸಬೇಕು. ನಿಮಗಿಂತ ಬಹಳ ಎತ್ತರದ ಮಾಡೆಲ್ ತೊಟ್ಟ ಅನಾರ್ಕಲಿ ಕೊಳ್ಳುವ ಮುನ್ನ, ಹೆಗಲಿನಿಂದ ಸೊಂಟದ ಹೊಲಿಗೆಗೆ ಎಷ್ಟು ಇಂಚು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಸಿಗದಿದ್ದರೆ ಹಿಂದಿರುಗಿಸಲು ಅವಕಾಶವಿದೆಯೇ ಎಂದು ನೋಡಿಕೊಂಡೇ ಹಣ ಕೊಡಿ.