ಮನೆಯ ಖರ್ಚನ್ನು ಏರಿಸುವುದು ಯಾವುದು? ಉತ್ತರ ಹೇಳುವ ಟಾರ್ನೆಡೊ ಚಾರ್ಟ್

ಕಟ್ಟಡದ ಎಸ್ಟಿಮೇಟಿನ ಕೊನೆಯ ಸಾಲಿನಲ್ಲಿ ಒಂದೇ ಒಂದು ಮೊತ್ತ ಇರುತ್ತದೆ. ಅದರ ಹಿಂದೆ ಮಾತ್ರ ಹತ್ತಾರು ಊಹೆಗಳಿರುತ್ತವೆ: ಕಬ್ಬಿಣ ಇಷ್ಟಕ್ಕೆ ಸಿಗುತ್ತದೆ, ಪಾಯ ಇಷ್ಟು ಅಡಿಗೆ ಮುಗಿಯುತ್ತದೆ, ಕೆಲಸ ಇಷ್ಟು ತಿಂಗಳು ಹಿಡಿಯುತ್ತದೆ. ಈ ಊಹೆಗಳಲ್ಲಿ ಯಾವುದು ತಪ್ಪಿದರೆ ಮೊತ್ತ ಎಷ್ಟು ಅಲುಗಾಡುತ್ತದೆ ಎಂದು ಒಂದೊಂದನ್ನಾಗಿ ಲೆಕ್ಕ ಹಾಕಿ ನೋಡುವುದೇ ಸೆನ್ಸಿಟಿವಿಟಿ ಅನಾಲಿಸಿಸ್, ಅಂದರೆ ಸೂಕ್ಷ್ಮತಾ ವಿಶ್ಲೇಷಣೆ. ಅದರ ಫಲಿತಾಂಶವನ್ನು ಅಡ್ಡ ಪಟ್ಟಿಗಳಾಗಿ ಬರೆದು, ಅತಿ ಉದ್ದದ್ದನ್ನು ಮೇಲೆ, ಅತಿ ಗಿಡ್ಡದ್ದನ್ನು ಕೆಳಗೆ ಜೋಡಿಸಿದರೆ ಮೇಲೆ ಅಗಲವಾಗಿ ಕೆಳಗೆ ಚೂಪಾದ ಸುಂಟರಗಾಳಿಯ ಆಕಾರ ಮೂಡುತ್ತದೆ. ಟಾರ್ನೆಡೊ ಚಾರ್ಟ್ ಎಂಬ ಹೆಸರು ಬಂದದ್ದು ಈ ಆಕಾರದಿಂದ. ದೊಡ್ಡ ಯೋಜನೆಗಳ ಅಪಾಯವನ್ನು ಅಳೆಯುವವರು ಇದನ್ನು ದಿನನಿತ್ಯ ಬಳಸುತ್ತಾರೆ. ಆದರೆ ಇದಕ್ಕೆ ಬೇಕಾಗುವುದು ಕೂಡುವ, ಗುಣಿಸುವ, ಕಳೆಯುವ ಲೆಕ್ಕ ಮಾತ್ರ. ಒಂದು ಮನೆಯ ಲೆಕ್ಕದಲ್ಲೇ ಇದನ್ನು ಪೂರ್ತಿಯಾಗಿ ನೋಡಬಹುದು.

ಉತ್ತರ ಕರ್ನಾಟಕದ ಎರೆಭೂಮಿಯ ಊರೊಂದರಲ್ಲಿ 1,500 ಚದರಡಿಯ ಎರಡಂತಸ್ತಿನ ಮನೆ ಕಟ್ಟಬೇಕಾಗಿದೆ ಎಂದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕ ತಿಳಿಯಲೆಂದು ಇಟ್ಟವು. ಊರು, ವರ್ಷ ಬದಲಾದರೆ ಅವೂ ಬದಲಾಗುತ್ತವೆ. ಪಾಯಕ್ಕೆ ಒಂದು ಅಡಿ ಆಳಕ್ಕೆ 80,000 ರೂಪಾಯಿಯಂತೆ 5 ಅಡಿಗೆ 4 ಲಕ್ಷ. ಕಬ್ಬಿಣ 6 ಟನ್, ಟನ್ನಿಗೆ 65,000ದಂತೆ 3.9 ಲಕ್ಷ. ಸಿಮೆಂಟ್ 650 ಚೀಲ, ಚೀಲಕ್ಕೆ 400ರಂತೆ 2.6 ಲಕ್ಷ. ಎಂ-ಸ್ಯಾಂಡ್, ಜಲ್ಲಿ, ಇಟ್ಟಿಗೆ ಸೇರಿ 4.25 ಲಕ್ಷ. ಕೂಲಿ ಚದರಡಿಗೆ 450ರಂತೆ 6.75 ಲಕ್ಷ. ಟೈಲ್ಸ್, ಬಾಗಿಲು-ಕಿಟಕಿ, ವೈರಿಂಗ್, ನಲ್ಲಿ, ಬಣ್ಣ ಎಲ್ಲ ಸೇರಿದ ಫಿನಿಶಿಂಗ್ ಚದರಡಿಗೆ 700ರಂತೆ 10.5 ಲಕ್ಷ. ಕೆಲಸ ನಡೆಯುವಷ್ಟು ಕಾಲ ಬಾಡಿಗೆ ಮನೆ, ಕಾವಲುಗಾರ, ಸಾಲದ ಬಡ್ಡಿ ಎಂದು ತಿಂಗಳಿಗೆ 30,000, ಹತ್ತು ತಿಂಗಳಿಗೆ 3 ಲಕ್ಷ. ಒಟ್ಟು 35 ಲಕ್ಷ.

ಇದು ಮೂಲ ಅಂದಾಜು. ಚಾರ್ಟಿನ ನಡುವೆ ನೆಟ್ಟಗೆ ನಿಲ್ಲುವ ಗೆರೆ ಈ 35 ಲಕ್ಷದ್ದೇ.

ಮುಂದಿನ ಹೆಜ್ಜೆ ಪ್ರತಿ ಊಹೆಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಗೊತ್ತುಮಾಡುವುದು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಭಾಗ ಇದು. "ಕಡಿಮೆ ಎಂದರೆ ಎಷ್ಟು, ಹೆಚ್ಚೆಂದರೆ ಎಷ್ಟು?" ಎಂದು ಸುಮ್ಮನೆ ಕೇಳಿದರೆ ಒಬ್ಬರು ಎಂದೂ ಆಗದಂಥ ಅಂಕಿ ಹೇಳುತ್ತಾರೆ, ಇನ್ನೊಬ್ಬರು ಮೂಲ ಅಂಕಿಯ ಆಚೀಚೆಯೇ ಸುಳಿಯುತ್ತಾರೆ. ಆದ್ದರಿಂದ ಎಲ್ಲ ಊಹೆಗಳಿಗೂ ಒಂದೇ ಅಳತೆಗೋಲು ಇರಬೇಕು. ಸಾಮಾನ್ಯ ರೂಢಿ ಹೀಗಿದೆ: ಇಂಥ ಹತ್ತು ಕೆಲಸಗಳಲ್ಲಿ ಒಂದರಲ್ಲಿ ಮಾತ್ರ ಇದಕ್ಕಿಂತ ಕಡಿಮೆಯಾದೀತು ಎನ್ನುವ ಅಂಕಿ ಕೆಳಮಿತಿ, ಒಂದರಲ್ಲಿ ಮಾತ್ರ ಇದನ್ನು ಮೀರೀತು ಎನ್ನುವುದು ಮೇಲ್ಮಿತಿ. ಮೇಸ್ತ್ರಿಗೂ ಗುತ್ತಿಗೆದಾರರಿಗೂ ಪ್ರಶ್ನೆಯನ್ನು ಹೀಗೆ ಕೇಳಿದರೆ ಅವರು ಕಟ್ಟಿದ ಮನೆಗಳನ್ನು ನೆನಪಿಸಿಕೊಂಡು ಉತ್ತರಿಸುತ್ತಾರೆ.

ಈ ಪ್ರಶ್ನೆಗೆ ಪಾಯದ ಆಳ ವಿಚಿತ್ರ ಉತ್ತರ ಕೊಡುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆಯೇ ಕೂತ ಗೋಡೆಯೂ ಅದರೊಂದಿಗೆ ಎದ್ದು ಬಿದ್ದು ಸೀಳುತ್ತದೆ. ಹಾಗಾಗಿ ಕೆಳಗಿನ ಗಟ್ಟಿ ನೆಲ ಸಿಗುವವರೆಗೆ ಅಗೆಯುವುದು ವಾಡಿಕೆ. ಗಟ್ಟಿ ನೆಲ ಒಂದು ಸೈಟಿನಲ್ಲಿ 4 ಅಡಿಗೇ ಸಿಗಬಹುದು, ಆಚೆ ಬೀದಿಯಲ್ಲಿ 9 ಅಡಿಗೆ ಇಳಿಯಬೇಕಾಗಬಹುದು. 5 ಅಡಿ ಎಂಬ ಊಹೆಗೆ ಕೆಳಗಡೆ ಒಂದೇ ಅಡಿ ಜಾಗ, ಮೇಲ್ಗಡೆ ನಾಲ್ಕು ಅಡಿ.

ಮಿತಿಗಳು ಸಿಕ್ಕ ಮೇಲೆ ಲೆಕ್ಕ ಸರಳ. ಉಳಿದ ಆರನ್ನೂ ಮೂಲ ಅಂಕಿಯಲ್ಲೇ ಹಿಡಿದಿಟ್ಟು, ಒಂದನ್ನು ಮಾತ್ರ ಕೆಳಮಿತಿಗೆ ತಂದು ಒಟ್ಟು ಮೊತ್ತ ಬರೆಯಬೇಕು. ಅದನ್ನೇ ಮೇಲ್ಮಿತಿಗೆ ಏರಿಸಿ ಮತ್ತೆ ಬರೆಯಬೇಕು. ಪಾಯ 4 ಅಡಿಯಾದರೆ ಮನೆಯ ಖರ್ಚು 34.2 ಲಕ್ಷ, 9 ಅಡಿಯಾದರೆ 38.2 ಲಕ್ಷ. ಎರಡರ ನಡುವಿನ ಅಂತರ 4 ಲಕ್ಷ. ಪಾಯದ ಪಟ್ಟಿಯ ಉದ್ದ ಅದು. ಅದನ್ನು ಮತ್ತೆ 5 ಅಡಿಗೆ ತಂದಿಟ್ಟು ಮುಂದಿನ ಊಹೆಗೆ ಹೋಗಬೇಕು. ಏಳೂ ಮುಗಿದ ಮೇಲೆ ಅಂತರದ ಪ್ರಕಾರ ಇಳಿಮುಖವಾಗಿ ಜೋಡಿಸಿದರೆ ಹೀಗೆ ಕಾಣುತ್ತದೆ (ಒಟ್ಟು ಖರ್ಚು ಮತ್ತು ಅಂತರ ಲಕ್ಷ ರೂಪಾಯಿಗಳಲ್ಲಿ):

| ಊಹೆ | ಮಿತಿಗಳು | ಒಟ್ಟು ಖರ್ಚು | ಅಂತರ |
|---|---|---|---|
| ಫಿನಿಶಿಂಗ್ | ಚದರಡಿಗೆ 600–900 ರೂ. | 33.5–38.0 | 4.5 |
| ಪಾಯದ ಆಳ | 4–9 ಅಡಿ | 34.2–38.2 | 4.0 |
| ಅವಧಿ | 9–15 ತಿಂಗಳು | 34.7–36.5 | 1.8 |
| ಕೂಲಿ | ಚದರಡಿಗೆ 420–520 ರೂ. | 34.55–36.05 | 1.5 |
| ಕಬ್ಬಿಣ | ಟನ್ನಿಗೆ 58,000–75,000 ರೂ. | 34.58–35.6 | 1.02 |
| ಮರಳು, ಜಲ್ಲಿ, ಇಟ್ಟಿಗೆ | 3.95–4.75 ಲಕ್ಷ | 34.7–35.5 | 0.8 |
| ಸಿಮೆಂಟ್ | ಚೀಲಕ್ಕೆ 360–460 ರೂ. | 34.74–35.39 | 0.65 |

ಇದನ್ನು ಚೌಕುಳಿ ಹಾಳೆಯ ಮೇಲೆ ಸ್ಕೇಲಿನಿಂದಲೂ ಬರೆಯಬಹುದು. 35 ಲಕ್ಷದ ಗೆರೆಯಿಂದ ಎಡಕ್ಕೆ ಖರ್ಚು ಇಳಿಯುವಷ್ಟು, ಬಲಕ್ಕೆ ಏರುವಷ್ಟು ಉದ್ದದ ಪಟ್ಟಿ ಎಳೆದರಾಯಿತು. ಮನೆ ಕಟ್ಟಿಸುವವರು ಸಾಮಾನ್ಯವಾಗಿ ಅಂಗಡಿಯಿಂದ ಅಂಗಡಿಗೆ ಅಲೆದು ವಿಚಾರಿಸುವುದು ಸಿಮೆಂಟಿನ ದರವನ್ನು. ಚಾರ್ಟಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿದೆ. ಚೀಲಕ್ಕೆ 60 ರೂಪಾಯಿ ಏರಿದರೂ ಒಟ್ಟು ಹೊರೆ 39,000. ಪಾಯ ಒಂದೇ ಒಂದು ಅಡಿ ಹೆಚ್ಚು ಇಳಿದರೆ ಅದರ ಎರಡು ಪಟ್ಟು ಹಣ ನೆಲದೊಳಗೆ ಹೋಗುತ್ತದೆ.

ಪಟ್ಟಿಯ ಉದ್ದದಷ್ಟೇ ಅದು ಯಾವ ಕಡೆ ವಾಲಿದೆ ಎಂಬುದನ್ನೂ ನೋಡಬೇಕು. ಪಾಯದ ಪಟ್ಟಿ ಎಡಕ್ಕೆ 80,000 ಮಾತ್ರ ಚಾಚಿದೆ, ಬಲಕ್ಕೆ 3.2 ಲಕ್ಷ. ಅವಧಿಯದೂ ಇದೇ ಕಥೆ: ಒಂದು ತಿಂಗಳು ಬೇಗ ಮುಗಿದೀತು, ಐದು ತಿಂಗಳು ತಡವಾದೀತು. ಈ ಚಾರ್ಟಿನಲ್ಲಿ ಏಳೂ ಪಟ್ಟಿಗಳು ಬಲಕ್ಕೇ ಹೆಚ್ಚು ಚಾಚಿವೆ. ಎಲ್ಲವೂ ಹೀಗೆ ಒಂದೇ ಕಡೆ ವಾಲಿದ್ದರೆ ಮೂಲ ಅಂದಾಜೇ ಕಡಿಮೆಯಾಯಿತು ಎಂದರ್ಥ. 35 ಲಕ್ಷದಲ್ಲಿ ಮನೆ ಮುಗಿಯುತ್ತದೆ ಎಂದು ನಂಬಿ ಸಾಲ ಮಾಡುವಂತಿಲ್ಲ.

ಮೇಲಿನ ಎರಡು ಪಟ್ಟಿಗಳ ಉದ್ದ ಹೆಚ್ಚುಕಡಿಮೆ ಒಂದೇ. ಆದರೂ ಅವುಗಳ ಸ್ವಭಾವ ಬೇರೆ ಬೇರೆ. ಫಿನಿಶಿಂಗ್ ಮಾಲೀಕರ ಕೈಯಲ್ಲಿರುವ ಆಯ್ಕೆ. ಟೈಲ್ಸ್ ಯಾವುದು, ಬಾಗಿಲು ತೇಗದ್ದೋ ಬೇರೆ ಮರದ್ದೋ ಎಂದು ಮೊದಲೇ ತೀರ್ಮಾನಿಸಿ ಗುತ್ತಿಗೆ ಪತ್ರದಲ್ಲಿ ಬರೆಸಿದರೆ ಆ ಪಟ್ಟಿ ಗಿಡ್ಡವಾಗುತ್ತದೆ. ಪಾಯದ ಆಳವನ್ನು ಯಾರೂ ತೀರ್ಮಾನಿಸಲಾರರು, ತಿಳಿದುಕೊಳ್ಳಬಹುದು ಅಷ್ಟೆ. ಸೈಟಿನ ಎರಡು ಮೂಲೆಗಳಲ್ಲಿ ಪರೀಕ್ಷಾ ಗುಂಡಿ ತೆಗೆಸಿದಾಗ ಗಟ್ಟಿ ನೆಲ 6 ಅಡಿಗೆ ಸಿಕ್ಕಿತು ಎಂದುಕೊಳ್ಳೋಣ. ಆಗ ಮೂಲ ಅಂದಾಜು 35.8 ಲಕ್ಷಕ್ಕೆ ಏರುತ್ತದೆ. ಆದರೆ ಅನಿಶ್ಚಿತತೆ 5.5ರಿಂದ 6.5 ಅಡಿಯೊಳಗೆ ಬಂದು, ಪಾಯದ ಪಟ್ಟಿ 4 ಲಕ್ಷದಿಂದ 80,000ಕ್ಕೆ ಇಳಿದು ಮರಳು-ಜಲ್ಲಿಯ ಪಕ್ಕಕ್ಕೆ ಸೇರುತ್ತದೆ. ಖರ್ಚು ಏರಿದ್ದರೂ ಮುಂದಿನ ದಾರಿ ಈಗ ಸ್ಪಷ್ಟ. ಗುಂಡಿ ತೋಡಿಸಲು ಆಗುವ ಖರ್ಚು ತಕ್ಕದ್ದೇ ಎಂಬ ಪ್ರಶ್ನೆಗೂ ಉತ್ತರ ಆ 4 ಲಕ್ಷದ ಪಟ್ಟಿಯಲ್ಲೇ ಇತ್ತು.

ಈ ವಿಧಾನ ಹೆಚ್ಚಾಗಿ ಹಾಳಾಗುವುದು ಮಿತಿಗಳನ್ನು ಗೊತ್ತುಮಾಡುವಲ್ಲಿ. ಶ್ರಮ ಉಳಿಸಲು ಎಲ್ಲ ಊಹೆಗಳಿಗೂ ಶೇ. 10 ಕಡಿಮೆ, ಶೇ. 10 ಹೆಚ್ಚು ಎಂದು ಹಾಕಿಬಿಡುವುದುಂಟು. ಈ ಮನೆಗೆ ಹಾಗೆ ಮಾಡಿದರೆ ಫಿನಿಶಿಂಗ್ 2.1 ಲಕ್ಷ, ಕೂಲಿ 1.35 ಲಕ್ಷ, ಮರಳು-ಜಲ್ಲಿ 85,000. ಪಾಯ 80,000ದೊಂದಿಗೆ ನಾಲ್ಕನೇ ಸ್ಥಾನಕ್ಕೆ ಜಾರುತ್ತದೆ. ಪರೀಕ್ಷಾ ಗುಂಡಿಯ ಯೋಚನೆಯೇ ಯಾರಿಗೂ ಬರುವುದಿಲ್ಲ. ಅಂಥ ಚಾರ್ಟ್ ಅನಿಶ್ಚಿತತೆಯನ್ನು ತೋರಿಸುವುದಿಲ್ಲ, ಎಸ್ಟಿಮೇಟಿನಲ್ಲಿ ಯಾವ ಬಾಬ್ತು ದೊಡ್ಡದು ಎಂಬುದನ್ನಷ್ಟೇ ಮತ್ತೊಮ್ಮೆ ಹೇಳುತ್ತದೆ. ಗುರುತಿಸುವುದು ಸುಲಭ: ಪಟ್ಟಿಗಳು ನಡುಗೆರೆಯ ಎರಡೂ ಕಡೆ ಕನ್ನಡಿ ಹಿಡಿದಂತೆ ಸಮವಾಗಿದ್ದು, ಅವುಗಳ ಕ್ರಮ ಮೊತ್ತಗಳ ಕ್ರಮವೇ ಆಗಿದ್ದರೆ ಮಿತಿಗಳನ್ನು ಯಾರನ್ನೂ ಕೇಳದೆ ಹಾಕಲಾಗಿದೆ ಎಂದು ತಿಳಿಯಬೇಕು.

ವಿಧಾನಕ್ಕೆ ತನ್ನದೇ ಒಂದು ಮಿತಿಯೂ ಇದೆ. ಅದು ಒಮ್ಮೆಗೆ ಒಂದನ್ನೇ ಅಲುಗಾಡಿಸುತ್ತದೆ. ಕೆಲಸದ ಜಾಗದಲ್ಲಿ ಒಂದು ತಪ್ಪಿದರೆ ಇನ್ನೊಂದೂ ಜೊತೆಗೇ ತಪ್ಪುವುದುಂಟು. ಪಾಯ 9 ಅಡಿಗೆ ಇಳಿದರೆ ಕೆಲಸ ಒಂದು ತಿಂಗಳು ಮುಂದಕ್ಕೆ ಹೋಗಬಹುದು. ಆ ತಿಂಗಳ 30,000ವನ್ನೂ ಪಾಯದ ಲೆಕ್ಕಕ್ಕೇ ಸೇರಿಸಿದರೆ ಅದರ ಪಟ್ಟಿ 38.5 ಲಕ್ಷದವರೆಗೆ ಚಾಚುತ್ತದೆ. ಜೊತೆಜೊತೆಗೆ ಏರಿಳಿಯುವ ಊಹೆಗಳನ್ನು ಹೀಗೆ ಒಂದೇ ಪಟ್ಟಿಯಲ್ಲಿ ಕಟ್ಟುವುದು ಒಳ್ಳೆಯ ಪದ್ಧತಿ.

ಪಟ್ಟಿಗಳ ಬಲತುದಿಗಳನ್ನೆಲ್ಲ ಕೂಡಿಸಿ, ಮನೆಗೆ ಹೆಚ್ಚೆಂದರೆ ಇಷ್ಟಾಗುತ್ತದೆ ಎಂದು ಹೇಳುವುದೂ ಸರಿಯಲ್ಲ. ಹಾಗೆ ಕೂಡಿದರೆ ಮೊತ್ತ 45 ಲಕ್ಷ ದಾಟುತ್ತದೆ. ಹತ್ತರಲ್ಲೊಮ್ಮೆ ಆಗುವ ಏಳು ಸಂಗತಿಗಳು ಒಂದೇ ಮನೆಗೆ ಒಟ್ಟಿಗೆ ಒದಗುವುದು ಬಲು ಅಪರೂಪ. 38 ಲಕ್ಷದೊಳಗೆ ಮುಗಿಯುವ ಸಾಧ್ಯತೆ ಎಷ್ಟು ಎಂಬ ಪ್ರಶ್ನೆಗೆ ಬೇರೆ ಲೆಕ್ಕ ಬೇಕು. ಎಲ್ಲ ಊಹೆಗಳನ್ನೂ ಒಮ್ಮೆಗೇ ಯದ್ವಾತದ್ವಾ ಬದಲಿಸುತ್ತ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಮೊತ್ತ ತೆಗೆಯುವ ಮಾಂಟೆ ಕಾರ್ಲೊ ವಿಧಾನ ಅದಕ್ಕಾಗಿಯೇ ಇದೆ. ಆ ಲೆಕ್ಕಕ್ಕೆ ಯಾವ ಊಹೆಗಳನ್ನು ಎಚ್ಚರದಿಂದ ಅಳೆದು ಕೊಡಬೇಕು, ಯಾವುದನ್ನು ಮೂಲ ಅಂಕಿಯಲ್ಲೇ ಬಿಟ್ಟರೂ ನಡೆಯುತ್ತದೆ ಎಂಬುದನ್ನು ಟಾರ್ನೆಡೊ ಚಾರ್ಟ್ ಮೊದಲೇ ಹೇಳಿರುತ್ತದೆ: ಈ ಮನೆಯಲ್ಲಿ ಮೇಲಿನ ನಾಲ್ಕನ್ನು ಅಳೆಯಬೇಕು, ಕೆಳಗಿನ ಮೂರನ್ನು ಬಿಡಬಹುದು.