ದಿನಕ್ಕೆ 25 ಪೇಷಂಟ್ ಎಂದು ಬರೆಯುವ ಮುನ್ನ

ಖಾಸಗಿ ಡೆಂಟಲ್ ಕ್ಲಿನಿಕ್ ನಡೆಸುವವರ ಕೈಗೆ ಹೊಸ ಡಾಕ್ಟರರ ರೆಸ್ಯೂಮೆ ಬಂದಾಗ ಅವರ ಕಣ್ಣು ಹುಡುಕುವುದು ಒಂದೇ ಉತ್ತರವನ್ನು: ಸೋಮವಾರ ಬೆಳಿಗ್ಗೆ ಈ ಡಾಕ್ಟರ್ ಬಂದರೆ ಯಾವ ಪೇಷಂಟನ್ನು ಅವರ ಕುರ್ಚಿಗೆ ಕೂರಿಸಬಹುದು? ಹಲ್ಲು ಕ್ಲೀನಿಂಗ್ ಕೊಡಬಹುದೇ, ದವಡೆ ಹಲ್ಲಿನ ರೂಟ್ ಕೆನಾಲನ್ನೂ ಕೊಡಬಹುದೇ? ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಬಿಡಿಎಸ್ ಮಾಡಿದವರೇ ದವಡೆ ಹಲ್ಲಿನ ಚಿಕಿತ್ಸೆ ನಿಭಾಯಿಸಿದರೆ, ವಾರಕ್ಕೊಮ್ಮೆ ಬರುವ ಎಂಡಿಎಸ್ ತಜ್ಞರಿಗಾಗಿ ರೋಗಿಯನ್ನು ಕಾಯಿಸಬೇಕಿಲ್ಲ. ಆದರೆ ಬಹುತೇಕ ರೆಸ್ಯೂಮೆಗಳಲ್ಲಿ ಈ ಉತ್ತರ ಇರುವುದಿಲ್ಲ. 'ದಿನಕ್ಕೆ 25 ಪೇಷಂಟ್ ನೋಡಿದ ಅನುಭವ, ಎಲ್ಲ ಬಗೆಯ ಚಿಕಿತ್ಸೆಯಲ್ಲೂ ಪರಿಣತಿ' ಎಂಬ ಒಂದು ಸಾಲು ಇರುತ್ತದೆ.

ಆ ಸಾಲನ್ನು ಓದಿದ ಕ್ಲಿನಿಕ್ ಮಾಲೀಕರು ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಾರೆ. ಆರು ಗಂಟೆಯ ಪಾಳಿ ಎಂದರೆ 360 ನಿಮಿಷ. 25 ಜನರಿಗೆ ಹಂಚಿದರೆ ಒಬ್ಬರಿಗೆ 14 ನಿಮಿಷ ಚಿಲ್ಲರೆ. ಅರಿವಳಿಕೆ ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟಲಿ ಎಂದು ಕಾಯುವುದಕ್ಕೇ ಅದರಲ್ಲಿ ಒಂದು ಪಾಲು ಹೋಗುತ್ತದೆ. ರೂಟ್ ಕೆನಾಲಿನ ಒಂದು ಸಿಟ್ಟಿಂಗಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾದರೆ ಆ 25 ಜನರಲ್ಲಿ ಹೆಚ್ಚಿನವರ ಬಾಯಿ ನೋಡಿ ಮಾತ್ರೆ ಬರೆದಿರಬೇಕು, ಇಲ್ಲವೇ ಅದು ಇಡೀ ಕ್ಲಿನಿಕ್ಕಿನ ಸಂಖ್ಯೆಯಾಗಿರಬೇಕು.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಒಂದೂವರೆ ವರ್ಷ ದುಡಿದ ಯುವತಿಯೊಬ್ಬಳು ಬೆಂಗಳೂರಿಗೆ ಬರಬೇಕೆಂದಿದ್ದಾಳೆ. ಅವಳು ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ಕಳೆದ ಮೂರು ತಿಂಗಳ, ಅಂದರೆ 75 ಕೆಲಸದ ದಿನಗಳ ಪುಟಗಳನ್ನು ಎಣಿಸುತ್ತಾಳೆ. ಕ್ಲಿನಿಕ್ಕಿಗೆ ಬಂದವರು ಒಟ್ಟು 1,650. ಹಿರಿಯ ಡಾಕ್ಟರ್ ನೋಡಿದವರನ್ನು ಕಳೆದರೆ ಅವಳ ಕುರ್ಚಿಗೆ ಬಂದವರು 675, ದಿನಕ್ಕೆ ಒಂಬತ್ತು. ಈ ಒಂಬತ್ತರಲ್ಲಿ ಮೂವರು ಪರೀಕ್ಷೆ, ಎಕ್ಸ್‌ರೇಗಷ್ಟೇ ಬಂದವರು. ಇಬ್ಬರು ಹೊಲಿಗೆ ಬಿಚ್ಚಿಸಲು, ಕ್ಯಾಪ್ ಕೂರಿಸಿಕೊಳ್ಳಲು ಬಂದ ಹಳಬರು. ಉಳಿದ ನಾಲ್ವರಿಗೆ ಅವಳ ಕೈಯಿಂದ ಚಿಕಿತ್ಸೆ ನಡೆದಿದೆ.

25 ಎಂದು ಬರೆಯುವವರ ಮುಂದೆ ಒಂಬತ್ತು ಸಣ್ಣದಾಗಿ ಕಾಣುತ್ತದೆ, ನಿಜ. ಆದರೂ ಇದನ್ನೇ ಬರೆಯಬೇಕು ಎನ್ನುತ್ತೇನೆ. ಒಂಬತ್ತನ್ನು ಬಿಡಿಸಿ ಹೇಳಿದವರಿಗೆ ಕೆಲಸದ ಹೊತ್ತು ಗೊತ್ತಿದೆ ಎಂಬುದು ಓದುವವರಿಗೆ ತಿಳಿಯುತ್ತದೆ. ಎಷ್ಟು ಕುರ್ಚಿ, ಎಷ್ಟು ಡಾಕ್ಟರ್, ಸಹಾಯಕರಿದ್ದರೇ ಎಂಬುದೂ ಅದೇ ಸಾಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು. ಸಹಾಯಕರಿಲ್ಲದೆ ಒಂಬತ್ತು ಜನರನ್ನು ನೋಡುವುದಕ್ಕೂ, ಪಕ್ಕದಲ್ಲಿ ಒಬ್ಬರು ಸಕ್ಷನ್ ಹಿಡಿದಿರುವಾಗ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನು ಚಿಕಿತ್ಸೆಗಳ ಪಟ್ಟಿ. ದಿನಕ್ಕೆ ನಾಲ್ಕರಂತೆ 75 ದಿನಕ್ಕೆ 300 ಚಿಕಿತ್ಸೆ: ಸ್ಕೇಲಿಂಗ್ 110, ಫಿಲ್ಲಿಂಗ್ 70, ಹಲ್ಲು ಕೀಳಿದ್ದು 48, ಕ್ಯಾಪಿಗಾಗಿ ಹಲ್ಲು ತಯಾರಿಸಿದ್ದು 12, ರೂಟ್ ಕೆನಾಲ್ 60. ಹೆಚ್ಚಿನವರು ಎಡವುವುದು ಈ ಕೊನೆಯ ಸಂಖ್ಯೆಯಲ್ಲಿ. ಪುಸ್ತಕದಲ್ಲಿ 60 ಸಲ 'ಆರ್‌ಸಿಟಿ' ಎಂದಿದೆ ಎಂದು 60 ರೂಟ್ ಕೆನಾಲ್ ಮಾಡಿದ್ದೇನೆ ಎಂದು ಬರೆದುಬಿಡುತ್ತಾರೆ. ಪುಸ್ತಕವನ್ನು ಮತ್ತೊಮ್ಮೆ ನೋಡಿದರೆ ಒಂದೇ ಹೆಸರು ಎರಡು ಮೂರು ಸಲ ಬಂದಿರುತ್ತದೆ. ಒಂದು ದಿನ ಹಲ್ಲು ತೆರೆದು ನರ ತೆಗೆದದ್ದು, ಇನ್ನೊಂದು ದಿನ ನಾಳ ಸ್ವಚ್ಛ ಮಾಡಿದ್ದು, ಮತ್ತೊಂದು ದಿನ ತುಂಬಿ ಮುಚ್ಚಿದ್ದು. 60 ಎನ್ನುವುದು ಸಿಟ್ಟಿಂಗುಗಳ ಲೆಕ್ಕ. ಹಲ್ಲುಗಳ ಲೆಕ್ಕ ಹಿಡಿದರೆ 24.

ಆ 24ನ್ನೂ ಬಿಡಿಸಬೇಕು. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ನೇರವಾಗಿ ಕಾಣುತ್ತದೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ನಾಳಗಳು ಮಾತ್ರ ಅನೇಕ ಸಲ ನಾಲ್ಕು. ಆ ನಾಲ್ಕನೆಯದನ್ನು ಹುಡುಕದೆ ಬಿಟ್ಟರೆ ಕೆಲವು ತಿಂಗಳ ಮೇಲೆ ರೋಗಿ ಅದೇ ನೋವು ಹಿಡಿದುಕೊಂಡು ಬರುತ್ತಾನೆ. ಆದ್ದರಿಂದ ನಮ್ಮ ಡಾಕ್ಟರ್ ಹೀಗೆ ಬರೆಯುತ್ತಾಳೆ: 'ಮೂರು ತಿಂಗಳಲ್ಲಿ 24 ಹಲ್ಲುಗಳಿಗೆ ರೂಟ್ ಕೆನಾಲ್ ಆರಂಭ, ಮುಂದಿನ ಹಲ್ಲು 10, ಮುಂದವಡೆ 8, ದವಡೆ 6. ಸ್ವತಂತ್ರವಾಗಿ ಮುಗಿಸಿದ್ದು 22. ನಾಳ ಮುಚ್ಚಿಹೋಗಿದ್ದ ಎರಡು ದವಡೆ ಹಲ್ಲುಗಳನ್ನು ತಜ್ಞರಿಗೆ ಒಪ್ಪಿಸಿದ್ದು.' ತಜ್ಞರಿಗೆ ಒಪ್ಪಿಸಿದ್ದನ್ನು ಬರೆದರೆ ಸೋಲು ಒಪ್ಪಿಕೊಂಡಂತೆ ಎಂದು ಹಿಂಜರಿಯುವವರಿದ್ದಾರೆ. ಮಾಲೀಕರು ಅದನ್ನು ಓದುವ ಬಗೆಯೇ ಬೇರೆ. ಮುಚ್ಚಿದ ನಾಳದಲ್ಲಿ ಹಟ ಹಿಡಿದು ಫೈಲ್ ತಿರುಗಿಸಿ, ಅದರ ತುದಿಯನ್ನು ಒಳಗೇ ಮುರಿದುಕೊಳ್ಳುವ ಡಾಕ್ಟರಿಗಿಂತ, ಎಲ್ಲಿ ಕೈ ಬಿಡಬೇಕೆಂದು ಬಲ್ಲವರು ಕ್ಲಿನಿಕ್ಕಿನ ಹೆಸರಿಗೆ ಕ್ಷೇಮ.

ಸ್ವತಂತ್ರವಾಗಿ ಮಾಡಿದ್ದು, ಹಿರಿಯರ ಉಸ್ತುವಾರಿಯಲ್ಲಿ ಮಾಡಿದ್ದು, ಬರೀ ಪಕ್ಕದಲ್ಲಿ ನಿಂತು ನೆರವಾದದ್ದು, ಈ ಮೂರನ್ನೂ ಕಲಸಬಾರದು. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್ ವಿಷಯದಲ್ಲಿ ಈ ಕಲಬೆರಕೆ ಹೆಚ್ಚು. ಇಂಟರ್ನ್‌ಶಿಪ್ಪಿನ ಒಂದು ವರ್ಷದಲ್ಲಿ ಮಾಡಿದ ಕೆಲಸವನ್ನು ಬೇರೆಯಾಗಿ, ಚುಟುಕಾಗಿ ತೋರಿಸಿದರೆ ಸಾಕು.

ಸಂಖ್ಯೆ ಓದಿದ ಮೇಲೆ ಮಾಲೀಕರು ಎಕ್ಸ್‌ರೇ ಕೇಳುವುದು ವಾಡಿಕೆ. ಚಿಕಿತ್ಸೆಗೆ ಮುಂಚಿನದು, ಮುಗಿದ ಮೇಲಿನದು, ಜೊತೆಯಾಗಿ. ನಾಳದಲ್ಲಿ ತುಂಬಿದ ವಸ್ತು ಎಕ್ಸ್‌ರೇಯಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ಅದು ಬೇರಿನ ತುದಿಗೆ ಎರಡು ಮಿಲಿಮೀಟರಿನ ಒಳಗೆ ನಿಂತಿದೆಯೇ, ತುದಿ ದಾಟಿ ಹೊರಗೆ ಹೋಗಿದೆಯೇ, ನಡುವೆ ಕಪ್ಪು ಪೊಳ್ಳು ಉಳಿದಿದೆಯೇ ಎಂದು ನೋಡುತ್ತಾರೆ. ನಾಲ್ಕೈದು ಕೇಸು ಸಾಕು, ಅದರಲ್ಲಿ ಎರಡಾದರೂ ದವಡೆ ಹಲ್ಲಿರಲಿ. ಡಿಜಿಟಲ್ ಎಕ್ಸ್‌ರೇಯ ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು ಅಚ್ಚಾಗಿರುವುದುಂಟು. ಅದನ್ನು ಕತ್ತರಿಸದೆ ವಾಟ್ಸ್ಯಾಪಿನಲ್ಲಿ ಕಳಿಸಿದವರನ್ನು, ನನ್ನ ರೋಗಿಗಳ ಗುಟ್ಟನ್ನೂ ಇವರು ಹೀಗೇ ಹಂಚಿಯಾರು ಎಂದುಕೊಂಡು ಮಾಲೀಕರು ಕೈಬಿಟ್ಟರೆ ಆಶ್ಚರ್ಯವಿಲ್ಲ. ಹಳೆಯ ಕ್ಲಿನಿಕ್ಕಿನ ಅನುಮತಿ, ರೋಗಿಯ ಒಪ್ಪಿಗೆ ಎರಡೂ ಬೇಕು. ನಗುಮುಖದ ಫೋಟೊ ಇದ್ದರಂತೂ ಒಪ್ಪಿಗೆಯಿಲ್ಲದೆ ಮುಟ್ಟಲೇಬಾರದು.

ಮೂರನೆಯದು ಮುಂದುವರಿದ ಕಲಿಕೆ, ಎಲ್ಲರೂ ಸಿಡಿಇ ಎನ್ನುವುದು. ಇಲ್ಲಿ ಸರ್ಟಿಫಿಕೇಟುಗಳು ಗುಡ್ಡೆ ಬೀಳುತ್ತವೆ. ಆನ್‌ಲೈನಿನಲ್ಲಿ ಒಂದು ಗಂಟೆ ಭಾಷಣ ಕೇಳಿದ್ದು, ಎರಡು ದಿನ ಕೂತು ಕಿತ್ತ ಹಲ್ಲುಗಳ ಮೇಲೆ ರೋಟರಿ ಫೈಲ್ ಓಡಿಸಿದ್ದು ಒಂದೇ ಪಟ್ಟಿಯಲ್ಲಿ ಸಮಸಮವಾಗಿ ಕೂತಿರುತ್ತವೆ. ವಿಷಯ, ತಿಂಗಳು-ವರ್ಷ, ನಡೆಸಿದವರು, ಎಷ್ಟು ಗಂಟೆ, ಕೈಯಾರೆ ಮಾಡಿದ್ದೋ ಬರೀ ಕೇಳಿದ್ದೋ, ಸಿಕ್ಕ ಅಂಕವೆಷ್ಟು ಎಂದು ಬರೆದರೆ ಗೊಂದಲ ತೀರಿತು. ಅದರ ಪಕ್ಕದಲ್ಲಿ ಇನ್ನೊಂದು ತುಂಡು ಸೇರಿಸಬೇಕು: ಕಲಿತ ಮೇಲೆ ಏನು ಮಾಡಿದಿರಿ? 'ರೋಟರಿ ತರಬೇತಿ, ಎರಡು ದಿನ, ಕೈಯಾರೆ. ಆಮೇಲೆ ಮುಗಿಸಿದ ನಾಲ್ಕು ದವಡೆ ಹಲ್ಲುಗಳೂ ರೋಟರಿಯಲ್ಲೇ' ಎಂಬ ಸಾಲು ಇದ್ದರೆ ತರಬೇತಿಯೂ ಚಿಕಿತ್ಸೆಯ ಪಟ್ಟಿಯೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಒಂದು ದಿನದ ಇಂಪ್ಲಾಂಟ್ ಕೋರ್ಸ್ ಮುಗಿಸಿ, ಇನ್ನೂ ಯಾರ ಬಾಯಲ್ಲೂ ಇಂಪ್ಲಾಂಟ್ ಕೂರಿಸದಿದ್ದರೆ ಅದು ಕಲಿಕೆಯ ಪಟ್ಟಿಯಲ್ಲಷ್ಟೇ ಇರಲಿ. ಬಿಡಿಎಸ್ ಮೇಲೆ ಇಂಥ ಕೋರ್ಸ್ ಮಾಡಿದವರು ಹೆಸರಿನ ಕೆಳಗೆ 'ತಜ್ಞರು' ಎಂದು ಹಾಕಿಕೊಳ್ಳಬಾರದು. ತಜ್ಞರಾಗಲು ಮೂರು ವರ್ಷದ ಎಂಡಿಎಸ್ ಬೇಕು.

ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಅದು ಎಲ್ಲಿಯವರೆಗೆ ಚಾಲ್ತಿ ಎಂಬುದು ಹೆಸರಿನ ಕೆಳಗೇ ಇರಲಿ. ಅದಿಲ್ಲದೆ ರೋಗಿಯನ್ನು ಮುಟ್ಟುವ ಹಾಗಿಲ್ಲ. ಯಾವ ಯಾವ ಭಾಷೆಯಲ್ಲಿ ರೋಗಿಯೊಡನೆ ಮಾತಾಡಬಲ್ಲಿರಿ ಎಂಬುದಕ್ಕೂ ಒಂದು ಸಾಲು ಬೇಕು. ಹವ್ಯಾಸ, ಶಾಲೆಯ ಬಹುಮಾನಗಳನ್ನು ಬಿಟ್ಟರೆ ಎಲ್ಲವೂ ಎರಡು ಪುಟದಲ್ಲಿ ಹಿಡಿಯುತ್ತದೆ. ಇಷ್ಟಾದ ಮೇಲೆ ಅನೇಕ ಕ್ಲಿನಿಕ್ಕುಗಳು ಒಂದು ದಿನ ಬಂದು ಕೆಲಸ ಮಾಡಿ ತೋರಿಸಿ ಎನ್ನುತ್ತವೆ. ಬರೆದದ್ದು ಒಂಬತ್ತಾಗಿದ್ದರೆ ಒಂಬತ್ತನ್ನು ತೋರಿಸಿದರಾಯಿತು. 25 ಎಂದು ಬರೆದವರಿಗೆ ಆ ದಿನ ಮಧ್ಯಾಹ್ನದ ಹೊತ್ತಿಗೇ ಬೆವರು ಕಿತ್ತುಕೊಳ್ಳುತ್ತದೆ.