ನೆಲಗುಬ್ಬಿ ಗೂಡು ಬಿಟ್ಟದ್ದು ಯಾವಾಗ?

ಗೋಧಿ ಹೊಲದ ನಡುವೆ ಜುಟ್ಟಿನ ನೆಲಗುಬ್ಬಿಯೊಂದು ಗೂಡು ಮಾಡಿತ್ತು. ಆ ವರ್ಷ ಪೈರು ವಾಡಿಕೆಗಿಂತ ಬೇಗ ಮಾಗಿತು; ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ. ಮೇವಿಗೆ ಹೊರಟ ತಾಯಿ, ಹೊಲದಲ್ಲಿ ಯಾರು ಏನು ಮಾತಾಡಿದರೂ ಕೇಳಿಸಿಕೊಂಡು ತನಗೆ ಹೇಳಬೇಕೆಂದು ಮರಿಗಳಿಗೆ ತಾಕೀತು ಮಾಡಿತು. ಮೊದಲ ದಿನ ರೈತ ಮಗನೊಡನೆ ಬಂದ. ಬೆಳಗಾದರೆ ಸ್ನೇಹಿತರನ್ನೆಲ್ಲ ಕೊಯ್ಲಿಗೆ ಕರೆಸೋಣ ಎಂದ. ಮರಿಗಳು ನಡುಗಿದವು, ತಾಯಿ ಅಲುಗಲಿಲ್ಲ. ಮಾರನೆಯ ದಿನ ಹೊತ್ತು ಏರಿದರೂ ಸ್ನೇಹಿತರ ಸುಳಿವಿಲ್ಲ. ಹಾಗಾದರೆ ನಂಟರಿಗೆ ಹೇಳಿ ಕಳಿಸೋಣ ಎಂದ ರೈತ. ತಾಯಿ ಆಗಲೂ ಅಲುಗಲಿಲ್ಲ. ನಂಟರೂ ಬರಲಿಲ್ಲ. ಕೊನೆಗೆ ಅವನು ಮಗನಿಗೆ, ಎರಡು ಕುಡುಗೋಲು ತಾ, ನಿನಗೊಂದು ನನಗೊಂದು, ನಾಳೆ ನಾವೇ ಕೊಯ್ಯೋಣ ಎಂದ. ಸಂಜೆ ಮರಿಗಳ ಬಾಯಲ್ಲಿ ಇದನ್ನು ಕೇಳಿದ ಕೂಡಲೇ ತಾಯಿ ಗೂಡು ಖಾಲಿ ಮಾಡಿತು.

ಈ ಕಥೆಯನ್ನು ಕ್ರಿ.ಶ. 2ನೆಯ ಶತಮಾನದ ರೋಮನ್ ಬರಹಗಾರ ಔಲಸ್ ಗೆಲ್ಲಿಯಸ್ ತನ್ನ ‘ಆ್ಯಟಿಕ್ ರಾತ್ರಿಗಳು’ ಗ್ರಂಥದಲ್ಲಿ ಈಸೋಪನ ಹೆಸರಿನಲ್ಲಿ ಹೇಳುತ್ತಾನೆ. ಅವನಿಗಿಂತ ಮುನ್ನೂರು ವರ್ಷಕ್ಕೂ ಹಿಂದೆ ಎನ್ನಿಯಸ್ ಎಂಬ ಕವಿ ಇದನ್ನು ಪದ್ಯಕ್ಕೆ ತಂದಿದ್ದನೆಂದೂ ತಿಳಿಸುತ್ತಾನೆ. 1668ರಲ್ಲಿ ಫ್ರಾನ್ಸಿನ ಲಾ ಫೊಂಟೇನ್ ತನ್ನ ನೀತಿಕಥೆಗಳ 4ನೆಯ ಭಾಗವನ್ನು ಇದರಿಂದಲೇ ಮುಗಿಸಿದ. ಕನ್ನಡದ ಓದುಗನಿಗೆ ಮಾತ್ರ ಕಥೆ ಕೇಳುತ್ತಿದ್ದಂತೆ ನಾಲಿಗೆಗೆ ಬರುವುದು ಬೇರೆಯೇ ಮಾತು: ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.

ಶಾಲೆಯ ಕನ್ನಡ ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಬರೆಯುವ ಪ್ರಶ್ನೆ ಮಕ್ಕಳಿಗೆಲ್ಲ ಪರಿಚಿತ. ಅಲ್ಲಿ ಗಾದೆ ಮೊದಲು, ಅರ್ಥ ಆಮೇಲೆ, ಕೊನೆಗೊಂದು ಉದಾಹರಣೆ. ಕಥೆ ಈ ದಾರಿಯಲ್ಲಿ ಹೋದರೆ ಕೆಡುತ್ತದೆ. ಮೊದಲ ಸಾಲಿನಲ್ಲೇ ಗಾದೆ ಕೇಳಿದ ಮಗುವಿಗೆ ರೈತ ಕೊನೆಗೆ ಏನು ಮಾಡುತ್ತಾನೆಂಬುದು ಗೊತ್ತಾಗಿಬಿಡುತ್ತದೆ. ಉಳಿದ ಪುಟಗಳಲ್ಲಿ ಅದು ಮುಗಿಯುವುದನ್ನೇ ಕಾಯುತ್ತಿರುತ್ತದೆ. ಲಾ ಫೊಂಟೇನ್ ನೀತಿಯನ್ನು ಮೊದಲಿಗೇ ಹೇಳಿದವನು, ಆದರೆ ಅವನ ಓದುಗರು ಪದ್ಯದ ಚೆಂದಕ್ಕೆ ಮನಸೋಲುವ ದೊಡ್ಡವರು. ಎಂಟು ವರ್ಷದ ಮಗುವಿಗೆ ಬೇಕಾದದ್ದು ಮುಂದೇನು ಎಂಬ ಕುತೂಹಲ.

ನೆಲಗುಬ್ಬಿಯ ಕಥೆಯಲ್ಲಿ ಆ ಕುತೂಹಲವನ್ನು ಹಿಡಿದಿಟ್ಟಿರುವುದು ಎರಡು ಬೆಳವಣಿಗೆಗಳ ಪೈಪೋಟಿ. ಒಂದು ಕಡೆ ಪೈರು ಮಾಗುತ್ತಿದೆ, ಇನ್ನೊಂದು ಕಡೆ ಮರಿಗಳ ರೆಕ್ಕೆ ಬಲಿಯುತ್ತಿದೆ. ಪೈರು ಗೆದ್ದರೆ ಮರಿಗಳು ಕುಡುಗೋಲಿಗೆ ಸಿಗುತ್ತವೆ. ಪೈರು ಬೇಗ ಮಾಗಿತೆಂದು ಗೆಲ್ಲಿಯಸ್ ಹೇಳಿದ್ದು ಇದಕ್ಕಾಗಿ. ಆ ಮಾತು ತೆಗೆದರೆ ರೈತ ಒಂದು ವಾರ ತಡಮಾಡಿದರೂ ಯಾರಿಗೂ ಕಷ್ಟವಿಲ್ಲ, ಕಥೆಯೂ ಇಲ್ಲ. ಹಕ್ಕಿಯ ಆಯ್ಕೆಯೂ ಸುಮ್ಮನೆ ಆದದ್ದಲ್ಲ. ನೆಲಗುಬ್ಬಿ ಗೂಡು ಮಾಡುವುದು ನೆಲದಲ್ಲೇ. ಅದರ ಮರಿಗಳು ಹಾರಲು ಬರುವ ಮೊದಲೇ, ಸುಮಾರು ಎಂಟು ಹತ್ತು ದಿನಕ್ಕೆ, ಗೂಡಿನಿಂದಿಳಿದು ಕಾಲಮೇಲೆ ಓಡಾಡುತ್ತವೆ. ಹಾಗಾಗಿ ರಾತ್ರೋರಾತ್ರಿ ಗೂಡು ಬಿಡುವುದು ಅವಕ್ಕೆ ಸಾಧ್ಯ. ನಮ್ಮ ಹೊಲಗಳಲ್ಲಿ ಹೆಚ್ಚು ಕಾಣುವ ಹಕ್ಕಿ ಎಂದು ಇಲ್ಲಿ ಗೌಜುಗವನ್ನು ತಂದರೆ ಕಥೆ ಕುಸಿಯುತ್ತದೆ. ಗೌಜುಗದ ಮರಿಗಳು ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ತಾಯಿಯ ಹಿಂದೆ ಓಡುವಂಥವು. ಅವಕ್ಕೆ ಮೂರು ದಿನ ಕಾಯುವ ಗರಜೇ ಇಲ್ಲ.

ಈ ಕಥೆಯನ್ನು ಕನ್ನಡ ನೆಲಕ್ಕೆ ತರುವವರಿಗೆ ಮೊದಲು ಎದುರಾಗುವ ತೊಡಕು ಸ್ನೇಹಿತರು ಮತ್ತು ನಂಟರದು. ಬಯಲುಸೀಮೆಯ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ದುಡ್ಡಿಲ್ಲದೆ ನಡೆಯುವ ಲೆಕ್ಕ ಅದು. ಅಂಥ ಊರಲ್ಲಿ ಕರೆದರೂ ನೆರೆಯವರು ಬರಲಿಲ್ಲವೆಂದರೆ ಮಕ್ಕಳು ನಂಬುವುದಿಲ್ಲ. ನಂಬಿದರೂ ಕಲಿಯುವುದು ನೆರೆಯವರನ್ನು ನೆಚ್ಚಬಾರದು ಎಂಬುದನ್ನು. ಅದು ನಮ್ಮ ಗಾದೆ ಹೇಳುವ ಮಾತಲ್ಲ. ಗಾದೆಯಲ್ಲಿರುವ ಮೂವರು ಆಳು, ಮಗ, ತಾನು. ಆ ಮೂವರನ್ನೇ ಹಿಡಿದರೆ ಕಥೆಗೆ ಮೂರು ಸಂಜೆಗಳು ತಾವಾಗಿ ಸಿಗುತ್ತವೆ. ಜೊತೆಗೆ ರೋಮನ್ ಕಥೆಯಲ್ಲಿಲ್ಲದ ಒಂದು ಅನುಕೂಲವೂ ಇದೆ. ಅಲ್ಲಿ ಎರಡನೆಯ ದಿನ ಮೊದಲ ದಿನದ ಪಡಿಯಚ್ಚು, ಎರಡೂ ದಿನ ಯಾರೂ ಬರುವುದಿಲ್ಲ. ಇಲ್ಲಿ ಮೊದಲ ದಿನ ಏನೂ ಆಗದು, ಎರಡನೆಯ ದಿನ ಅರ್ಧ ಆಗುತ್ತದೆ, ಮೂರನೆಯ ದಿನ ಪೂರ್ತಿ.

ಸ್ಥಳ, ಕಾಲಗಳನ್ನೂ ಇದಕ್ಕೆ ಹೊಂದಿಸಬೇಕು. ಕೆರೆಯ ಕೆಳಗಿನ ಗದ್ದೆಯಲ್ಲಿ ಬೇಸಿಗೆ ರಾಗಿ ಇಟ್ಟರೆ ಕೊಯ್ಲು ಏಪ್ರಿಲ್ ಕೊನೆಗೆ ಬರುತ್ತದೆ. ಅದೇ ಹೊತ್ತಿಗೆ ಭರಣಿ ಮಳೆಯ ಭಯ. ಮಾಗಿದ ರಾಗಿ ಮಳೆಗೆ ಸಿಕ್ಕಿ ನೆಲಕ್ಕೊರಗಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ರೈತನಿಗೂ ಒಂದು ಗಡುವು ಹೀಗೆ ಸಿಕ್ಕಿತು. ಇನ್ನು ಹೊಲದ ಅಳತೆ. ಒಂದು ಎಕರೆ ರಾಗಿ ಒಂದೇ ದಿನದಲ್ಲಿ ಕೊಯ್ಯಲು ಏಳೆಂಟು ಆಳಾದರೂ ಬೇಕು. ಒಬ್ಬನೇ ನಿಂತು ಎಕರೆಗಟ್ಟಲೆ ಕೊಯ್ದ ಎಂದು ಬರೆದರೆ ಹಳ್ಳಿಯ ಮಗು ನಗುತ್ತದೆ. ಅದಕ್ಕೇ ಕಥೆಯ ಮಡಿ ಹತ್ತು ಗುಂಟೆಯದು. ಅರ್ಧ ಮಗ ಕೊಯ್ದರೆ ಉಳಿಯುವುದು ಐದು ಗುಂಟೆ, ಅಪ್ಪನ ಒಂದು ದಿನದ ಕೆಲಸ.

ಇಷ್ಟನ್ನು ಜೋಡಿಸಿದರೆ ಕಥೆ ಹೀಗೆ ಬರಬಹುದು.

ಕೆರೆಯ ಕೆಳಗೆ ಮುನಿಯಪ್ಪನ ರಾಗಿ ಮಾಗಿತ್ತು. ಬದುವಿನ ಪಕ್ಕದಲ್ಲಿ ನೆಲಗುಬ್ಬಿಯ ಮೂರು ಮರಿ. ಸಂಜೆ ಮುನಿಯಪ್ಪ ಬದುವಿನ ಮೇಲೆ ನಿಂತು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದ. ಕಾಳು ಉದುರಿತು. ‘ನಾಳೆ ನಾಲ್ಕು ಆಳು ಬಂದ್ರೆ ಮಧ್ಯಾಹ್ನಕ್ಕೇ ಮುಗೀತದೆ. ಯಾರ ಕೈಲಾದ್ರೂ ಹೇಳಿ ಕಳಿಸಿದ್ರಾಯ್ತು’ ಅಂದುಕೊಂಡು ಮನೆಗೆ ಹೋದ.

‘ಅಮ್ಮ, ನಾಳೆ ಕೊಯ್ತಾರಂತೆ!’ ಎಂದು ಮರಿಗಳು ಕಿರುಚಿದವು.

‘ಕೂಲಿ ಎಷ್ಟು ಅಂತ ಮಾತಾಡಿದ್ನಾ?’

‘ಇಲ್ಲ.’

‘ಹಂಗಾದ್ರೆ ಮಲ್ಕೊಳ್ಳಿ.’

ಮಾರನೆಯ ದಿನ ಯಾರೂ ಬರಲಿಲ್ಲ. ಕೂಲಿ ಗೊತ್ತುಮಾಡಿ ಕರೆದವರ ತೋಟಕ್ಕೆ ಆಳುಗಳು ಬೆಳಿಗ್ಗೆಯೇ ಹೋಗಿದ್ದರು. ಸಂಜೆ ಮುನಿಯಪ್ಪ ಮಗನನ್ನು ಕರೆತಂದ. ‘ನಂಗೆ ಸಂತೆಗೆ ಹೋಗೋದದೆ. ನಾಳೆ ನೀನೇ ಕೊಯ್ದು ಹಾಕು ಮಂಜ.’ ಮಂಜ ‘ಹೂಂ ಅಪ್ಪ’ ಅಂದ. ಅವನ ಕಣ್ಣು ಕೆರೆಯಾಚೆ ಹುಡುಗರು ಕ್ರಿಕೆಟ್ಟಿಗೆ ವಿಕೆಟ್ ನೆಡುತ್ತಿದ್ದ ಕಡೆಗಿತ್ತು.

ಮರಿಗಳು ಅದನ್ನೂ ಹೇಳಿದವು. ತಾಯಿ ಈ ಸಲ ಒಡನೆ ಮಾತಾಡಲಿಲ್ಲ. ‘ಗೂಡಿಂದ ಇಳಿದು ಓಡೋದು ಅಭ್ಯಾಸ ಮಾಡ್ಕೊಳ್ಳಿ. ಆದ್ರೆ ನಾಳೆ ಇಲ್ಲೇ ಇರಾಣ’ ಎಂದಿತು.

ಬೆಳಿಗ್ಗೆ ಮಂಜ ಬಂದೇಬಿಟ್ಟ. ತೂಬಿನ ಕಡೆಯಿಂದ ಕೊಯ್ಯುತ್ತ ಬಂದ. ಸರ್ ಸರ್ ಎನ್ನುವ ಕುಡುಗೋಲಿನ ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಮರಿಗಳು ತಾಯಿಯ ರೆಕ್ಕೆಯೊಳಗೆ ಮುದುಡಿದವು. ಅರ್ಧ ಹೊಲ ದಾಟಿದಾಗ ಕೆರೆಯಾಚೆಯಿಂದ ‘ಮಂಜಾ, ಬ್ಯಾಟಿಂಗು ನಿಂದೇ ಕಣೋ!’ ಎಂಬ ಕೂಗು ಬಂತು. ಸದ್ದು ನಿಂತಿತು.

ಸಂಜೆ ಮುನಿಯಪ್ಪ ಬಂದು ಅರ್ಧ ನಿಂತ ಹೊಲ ನೋಡಿದ. ಮೂಡಲಲ್ಲಿ ಮೋಡ ಕಟ್ಟಿತ್ತು. ಅವನು ಯಾರನ್ನೂ ಬೈಯಲಿಲ್ಲ. ಮಂಜ ಬಿಟ್ಟುಹೋಗಿದ್ದ ಕುಡುಗೋಲು ಎತ್ತಿಕೊಂಡು, ಬದುವಿನ ಕಲ್ಲಿಗೆ ನೀರು ಚಿಮುಕಿಸಿ, ಮಸೆಯತೊಡಗಿದ.

‘ಅಮ್ಮ, ಇವತ್ತು ಅವನು ಏನೂ ಮಾತಾಡ್ಲಿಲ್ಲ. ಸುಮ್ನೆ ಕುಡುಗೋಲು ಮಸೆದ.’

‘ಏಳಿ, ಹೊರಡಾಣ’ ಎಂದಿತು ತಾಯಿ.

ಬೆಳದಿಂಗಳಲ್ಲಿ ನಾಲ್ಕು ಹಕ್ಕಿಗಳು ಬದು ದಾಟಿ ಪಕ್ಕದ ಬೀಳಿಗೆ ಓಡಿದವು. ಮಾರನೆಯ ದಿನ ಹೊತ್ತು ಮುಳುಗುವುದರೊಳಗೆ ಮುನಿಯಪ್ಪನ ರಾಗಿ ಮೆದೆಯಾಗಿತ್ತು. ಮಳೆ ಬಿದ್ದದ್ದು ಆಮೇಲೆ.

ಕಥೆಯಲ್ಲಿ ಎಲ್ಲೂ ಗಾದೆಯ ಸುಳಿವಿಲ್ಲ. ಅದನ್ನು ಹೇಳುವ ಕೆಲಸ ಕೇಳುವ ಮಗುವಿನದು. ಮಗು ಅಲ್ಲಿಗೆ ತಲುಪುವುದು ತಾಯಿಹಕ್ಕಿ ಕೇಳುವ ಒಂದೇ ಪ್ರಶ್ನೆಯ ಮೂಲಕ: ಕೆಲಸ ಯಾರು ಮಾಡುತ್ತಾರೆ? ಮೂರನೆಯ ಸಂಜೆ ರೈತನನ್ನು ಮೂಕನಾಗಿಸಿರುವುದೂ ಇದಕ್ಕಾಗಿಯೇ. ಎರಡು ಸಂಜೆ ಮಾತು ಕೇಳಿ ಮರಿಗಳು ಹೆದರಿದವು, ತಾಯಿ ಹೆದರಲಿಲ್ಲ. ಮೂರನೆಯ ಸಂಜೆ ಹೆದರಿಕೆ ಹುಟ್ಟಿಸಲು ಮಾತೇ ಬೇಕಾಗಲಿಲ್ಲ.

ಇಂಥ ಕಥೆ ಕೆಡುವ ಜಾಗವೂ ಗೊತ್ತಿರಬೇಕು. ಗಾದೆಯ ಮೊದಲ ತುಂಡನ್ನು ಇದ್ದ ಹಾಗೇ ತೆಗೆದುಕೊಂಡರೆ ಕೂಲಿಯವರೆಲ್ಲ ಸೋಮಾರಿಗಳು ಎಂದು ಧ್ವನಿಸುತ್ತದೆ. ಕೇಳುವ ಮಕ್ಕಳಲ್ಲಿ ಕೂಲಿಗೆ ಹೋಗುವವರ ಮಕ್ಕಳೂ ಇರುತ್ತಾರೆ. ಆದ್ದರಿಂದ ಆಳುಗಳು ಬಾರದಿರುವುದಕ್ಕೆ ನ್ಯಾಯವಾದ ಕಾರಣ ಬೇಕು: ಮುನಿಯಪ್ಪ ಅವರ ಮನೆಗೆ ಹೋಗಲಿಲ್ಲ, ಕೂಲಿ ಗೊತ್ತುಮಾಡಲಿಲ್ಲ. ತಪ್ಪು ಅವನದಾದಾಗ ತಿದ್ದಿಕೊಳ್ಳುವ ಕೆಲಸವೂ ಅವನದೇ ಆಗುತ್ತದೆ. ಮಂಜನೂ ಕೆಟ್ಟವನಲ್ಲ. ಅರ್ಧ ಹೊಲ ನಿಜವಾಗಿ ಕೊಯ್ದವನು ಅವನು. ಅವನನ್ನು ಬೈದು ಅಳಿಸಿದರೆ ಕಥೆ ಅಪ್ಪನ ಮಾತು ಮೀರಿದ ಮಗನದಾಗಿ, ಬೇರೆಯೇ ಗಾದೆ ಕೇಳುತ್ತದೆ.

ಕಥೆ ಸರಿಯಾಗಿದೆಯೇ ಎಂದು ತಿಳಿಯಲು, ಕುಡುಗೋಲು ಮಸೆಯುವಲ್ಲಿಗೆ ಓದು ನಿಲ್ಲಿಸಿ, ಹಕ್ಕಿ ಈಗ ಏನು ಮಾಡುತ್ತದೆ ಎಂದು ಮಕ್ಕಳನ್ನು ಕೇಳಬೇಕು. ‘ಹೋಗುತ್ತದೆ, ಯಾಕಂದ್ರೆ ಅವನೇ ಕೊಯ್ತಾನೆ’ ಎಂಬ ಉತ್ತರ ಬಂದರೆ ಗಾದೆ ಅಲ್ಲಿಗೆ ಮುಟ್ಟಿದೆ. ‘ಹೋಗುತ್ತದೆ, ಯಾಕಂದ್ರೆ ಮಳೆ ಬರ್ತದೆ’ ಎಂದರೆ ಮೋಡಕ್ಕೆ ಕೊಟ್ಟ ಜಾಗ ಹೆಚ್ಚಾಯಿತು, ಆ ಸಾಲನ್ನು ಹಿಂದಿನ ಸಂಜೆಗೆ ಸರಿಸಬೇಕು. ‘ಪಕ್ಕದ ಮನೆಯವ್ರು ಬಂದು ಕೊಯ್ಕೊಡ್ತಾರೆ’ ಎಂದು ಯಾರಾದರೂ ಹೇಳಿದರೆ ಅದನ್ನೂ ತಪ್ಪೆನ್ನುವಂತಿಲ್ಲ. ಆ ಮಗು ಮುಯ್ಯಾಳು ಇರುವ ಊರಿನದು. ಮೂರನೆಯ ದಿನ ಮುನಿಯಪ್ಪನನ್ನು ಕಂಡು ನೆರೆಯವರು ಕುಡುಗೋಲು ಹಿಡಿದು ಇಳಿದರೆ, ಅದೇ ಹೊಲ, ಅದೇ ಹಕ್ಕಿ, ಅದೇ ಮೂರು ಸಂಜೆ ‘ಕೂಡಿ ಬಾಳಿದರೆ ಸ್ವರ್ಗ ಸುಖ’ ಎಂಬ ಗಾದೆಯ ಕಥೆಯಾಗುತ್ತದೆ. ಆದರೆ ಎರಡು ಗಾದೆಗಳನ್ನು ಒಂದೇ ಕಥೆಯಲ್ಲಿ ತುರುಕುವಂತಿಲ್ಲ. ಬರೆಯುವವರು ಯಾವುದಾದರೂ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಮುಂದಿನ ಕಥೆಗೆ ಇಟ್ಟುಕೊಳ್ಳಬೇಕಾಗುತ್ತದೆ.